ಮುಟ್ಟು ನಿಂತ ಮೇಲೆ ಮೂತ್ರದ ಬಾಯಲ್ಲಿ ಕೆಂಪು ಮಾಂಸದ ಗುಳ್ಳೆ: ಕ್ಯಾರಂಕಲ್ಲಾ, ಜಾರಿರುವುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಹೆಣ್ಮಕ್ಕಳ ಡಾಕ್ಟರ್. ಈ ಗುಳ್ಳೆಯ ವಿಷಯಕ್ಕೆ ಬರುವವರಲ್ಲಿ ಹೆಚ್ಚಿನವರು ಅರವತ್ತರ ಆಚೀಚಿನವರು. ಜೊತೆಗೆ ಸೊಸೆಯೋ ಮಗಳೋ ಇರುತ್ತಾರೆ. ಅವರನ್ನು ಹೊರಗೆ ಕೂರಿಸಿ, ಬಾಗಿಲು ಮುಚ್ಚಿದ ಮೇಲೇ ಮಾತು ಶುರುವಾಗುತ್ತದೆ. ಆಮೇಲೆ ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಒಂದೇ. ಅವನ್ನು ಇಲ್ಲಿ ಬರೆದಿದ್ದೇನೆ. ನಡುನಡುವೆ ಜಮಖಂಡಿ ಕಡೆಯ ಒಬ್ಬ ಅಜ್ಜಿ ಬರುತ್ತಾರೆ. ಗುರುತು ಸಿಗದಂತೆ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ.

ಈ ಕೆಂಪು ಗುಳ್ಳೆ ಅಂದರೆ ಏನು?

ಹೆಚ್ಚಿನ ಸಲ ಅದು ಯುರೆತ್ರಲ್ ಕ್ಯಾರಂಕಲ್. ಕ್ಯಾರಂಕಲ್ ಅಂದರೆ ಲ್ಯಾಟಿನ್‌ನಲ್ಲಿ ಸಣ್ಣ ಮಾಂಸದ ತುಣುಕು, ಅಷ್ಟೇ. ಮೂತ್ರ ಹೊರಬರುವ ಬಾಯಿ ಯೋನಿಯ ಬಾಯಿಗಿಂತ ಸ್ವಲ್ಪ ಮೇಲೆ ಇರುತ್ತದೆ. ಆ ಮೂತ್ರದ ಬಾಯಿಯ ಕೆಳತುಟಿಯಲ್ಲಿ, ಅಂದರೆ ಯೋನಿಯ ಕಡೆಗಿರುವ ಅಂಚಿನಲ್ಲಿ, ಕಡುಗೆಂಪು ಬಣ್ಣದ ಮೆತ್ತನೆಯ ಗುಳ್ಳೆ ಕೂತಿರುತ್ತದೆ. ಜೋಳದ ಕಾಳಿನಷ್ಟು ಇರುವುದೇ ಜಾಸ್ತಿ. ಕಡಲೆ ಕಾಳಿನಷ್ಟಾಗಿ 1 ಸೆಂಟಿಮೀಟರ್ ಮುಟ್ಟುವುದೂ ಉಂಟು. ಅದಕ್ಕಿಂತ ದೊಡ್ಡದು ಅಪರೂಪ.

ಎಷ್ಟೋ ಜನರಿಗೆ ಇದು ಇರುವುದೇ ಗೊತ್ತಿರುವುದಿಲ್ಲ. ಬೇರೆ ಯಾವುದಕ್ಕೋ ಪರೀಕ್ಷೆ ಮಾಡುವಾಗ ನಮ್ಮ ಕಣ್ಣಿಗೆ ಬೀಳುತ್ತದೆ. ತೊಂದರೆ ಕೊಡುವಾಗ ಮೂರು ರೀತಿ ಕೊಡುತ್ತದೆ: ಒರೆಸಿಕೊಂಡಾಗ ಬಟ್ಟೆಗೆ ರಕ್ತ, ಮೂತ್ರ ಹೋಗುವಾಗ ಉರಿ, ಇಲ್ಲಾ ಕೂತರೆ ಉಜ್ಜಿದಂತಾಗಿ ನೋವು.

ಮುಟ್ಟು ನಿಂತ ಮೇಲೇ ಯಾಕೆ ಬರುತ್ತದೆ?

ಈಸ್ಟ್ರೋಜೆನ್ ಅನ್ನುವ ಹಾರ್ಮೋನು ಗರ್ಭಚೀಲಕ್ಕೆ ಮಾತ್ರ ಬೇಕಾದದ್ದಲ್ಲ. ಯೋನಿಯ ಚರ್ಮ, ಮೂತ್ರನಾಳದ ಒಳಪದರ, ಎರಡನ್ನೂ ದಪ್ಪಗೆ, ಒದ್ದೆಯಾಗಿ, ಬಿಗಿಯಾಗಿ ಇಡುವುದು ಅದೇ. ಮುಟ್ಟು ನಿಂತ ಮೇಲೆ ಅದು ಇಳಿಯುತ್ತದೆ. ಚರ್ಮ ತೆಳ್ಳಗಾಗುತ್ತದೆ, ಒಣಗುತ್ತದೆ, ಯೋನಿಯ ಗೋಡೆ ಒಳಕ್ಕೆ ಕುಗ್ಗುತ್ತದೆ. ಕುಗ್ಗುವಾಗ ಮೂತ್ರದ ಬಾಯಿಯ ಕೆಳತುಟಿಯನ್ನೂ ಎಳೆಯುತ್ತದೆ. ಒಳಗಿರಬೇಕಾದ ಪದರ ಅಲ್ಲಿ ಹೊರಕ್ಕೆ ಮಗುಚಿಕೊಳ್ಳುತ್ತದೆ. ಆ ಪದರ ಹೊರಗಿನ ಗಾಳಿಗೆ, ಬಟ್ಟೆಯ ಉಜ್ಜಾಟಕ್ಕೆ ತಯಾರಾದದ್ದಲ್ಲ. ಉಜ್ಜಿ ಉಜ್ಜಿ ಬಾತುಕೊಳ್ಳುತ್ತದೆ, ಸಣ್ಣ ರಕ್ತನಾಳಗಳು ತುಂಬಿಕೊಳ್ಳುತ್ತವೆ, ಕೆಂಪಗಾಗುತ್ತದೆ.

ಖಣದ ಕುಬಸಕ್ಕೆ ಅಸ್ತರು ಹಾಕಿ ಹೊಲಿದಿರುತ್ತಾರಲ್ಲ. ಹಳೆಯದಾದಾಗ ತೋಳಿನ ಅಂಚಿನಲ್ಲಿ ಒಂದು ಕಡೆ ಹೊಲಿಗೆ ಸಡಿಲಾಗಿ ಅಸ್ತರು ಇಣುಕುತ್ತದೆ. ಕ್ಯಾರಂಕಲ್ ಅಂದರೆ ಹಾಗೆ ಇಣುಕಿದ ಅಸ್ತರು. ಈ ಕುಬಸದ ತೋಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತದೆ.

ನನಗೆ ಗರ್ಭಚೀಲವೇ ಹೊರಗೆ ಬಂದಿದೆ ಅನಿಸುತ್ತಿದೆ. ಹೌದಾ?

ಜಮಖಂಡಿ ಕಡೆಯ ಅಜ್ಜಿ ಹೇಳಿದ್ದೂ ಇದನ್ನೇ. “ಅಕ್ಕಾರ, ಗರ್ಭಚೀಲ ಕೆಳಗ ಇಳದೈತ್ರಿ, ಕೈಗೆ ಹತ್ತತೈತಿ.” ವಯಸ್ಸು 63. ನಾಲ್ಕು ಹೆರಿಗೆ, ನಾಲ್ಕೂ ಮನೆಯಲ್ಲೇ. 47ಕ್ಕೆ ಮುಟ್ಟು ನಿಂತಿತ್ತು. ಎರಡು ತಿಂಗಳಿಂದ ಪರಕಾರದ ಹಿಂಭಾಗದಲ್ಲಿ ಕಂದು ಕಲೆ. ಅವರು ಆ ಪರಕಾರವನ್ನೇ ಮಡಿಸಿ ಕೈಚೀಲದಲ್ಲಿ ತಂದಿದ್ದರು. ಬಿಚ್ಚಿ ತೋರಿಸಿದರು. ಎರಡು ರೂಪಾಯಿ ನಾಣ್ಯದಷ್ಟಗಲದ ಮೂರು ಕಲೆ, ಒಂದಕ್ಕೊಂದು ಅಂಟಿಕೊಂಡಂತೆ. ಹೀಗೆ ಬಟ್ಟೆ ತರುವವರನ್ನು ಕಂಡರೆ ನನಗೆ ಖುಷಿ. ಮಾತಲ್ಲಿ ಹೇಳುವುದಕ್ಕಿಂತ ಜಾಸ್ತಿ ಅದರಲ್ಲೇ ಗೊತ್ತಾಗುತ್ತದೆ.

ಗರ್ಭಚೀಲ ಜಾರಿದರೆ ಬೇರೆ ತರಹ ಇರುತ್ತದೆ. ಅದು ಬರುವುದು ಯೋನಿಯ ಬಾಯಿಂದ. ಬೆಳಿಗ್ಗೆ ಎದ್ದಾಗ ಕಡಿಮೆ ಇರುತ್ತದೆ. ಹೊಲದಲ್ಲಿ ಕಳೆ ತೆಗೆದು, ನೀರು ಹೊತ್ತು ಸಂಜೆಯಾಗುವಷ್ಟರಲ್ಲಿ ಕೆಳಗೆ ಜಗ್ಗಿದಂತಾಗುತ್ತದೆ. ಮಲಗಿದರೆ ಒಳಗೆ ಹೋಗುತ್ತದೆ. ಗಾತ್ರ ನಿಂಬೆಹಣ್ಣಿನಷ್ಟು, ಇನ್ನೂ ದೊಡ್ಡದು ಇರಬಹುದು. ಬಣ್ಣ ತುಟಿಯ ಒಳಭಾಗದಂತೆ ನಸುಗೆಂಪು. ಮೂತ್ರಚೀಲ ಜಾರಿದಾಗಲೂ ಹೀಗೇ, ಯೋನಿಯ ಮುಂದಿನ ಗೋಡೆ ಉಬ್ಬಿ ಬರುತ್ತದೆ.

ಕ್ಯಾರಂಕಲ್ ಬೆಳಿಗ್ಗೆಯೂ ಅಷ್ಟೇ, ಸಂಜೆಯೂ ಅಷ್ಟೇ. ಮಲಗಿದರೂ ಒಳಗೆ ಹೋಗುವುದಿಲ್ಲ, ಕೆಮ್ಮಿದರೂ ದೊಡ್ಡದಾಗುವುದಿಲ್ಲ.

ಅಜ್ಜಿಯನ್ನು ಮಲಗಿಸಿ, ಮೊಣಕಾಲು ಮಡಿಸಿ, ಲೈಟ್ ಹಾಕಿ ನೋಡಿದೆ. ಗರ್ಭಚೀಲ ತನ್ನ ಜಾಗದಲ್ಲೇ ಇತ್ತು. ಕೆಮ್ಮಲು ಹೇಳಿದಾಗ ಯೋನಿಯ ಮುಂದಿನ ಗೋಡೆ ಒಂದಿಷ್ಟು ಉಬ್ಬಿತು. ನಾಲ್ಕು ಹೆತ್ತವರಲ್ಲಿ ಅಷ್ಟು ಇದ್ದೇ ಇರುತ್ತದೆ, ಅದಕ್ಕೇನೂ ಮಾಡಬೇಕಿಲ್ಲ. ಕೈಗೆ ತಾಗುತ್ತಿದ್ದದ್ದು ಮೂತ್ರದ ಬಾಯಿಯ ಕೆಳತುಟಿಯಲ್ಲಿದ್ದ 6 ಮಿಲಿಮೀಟರ್ ಗುಳ್ಳೆ. ಹತ್ತಿ ಸೋಕಿಸಿದ ಕೂಡಲೇ ಒಂದು ಹನಿ ರಕ್ತ ಬಂತು.

ಹಾಗಾದರೆ “ಮೂತ್ರನಾಳ ಜಾರಿದೆ” ಅನ್ನುವುದು ಏನು? ಕ್ಯಾರಂಕಲ್‌ಗೂ ಅದಕ್ಕೂ ಏನು ವ್ಯತ್ಯಾಸ?

ಗೊಂದಲ ಜಾಸ್ತಿಯಾಗುವುದು ಇಲ್ಲೇ. ಚೀಟಿಯಲ್ಲಿ ಬರೀ ‘ಪ್ರೊಲ್ಯಾಪ್ಸ್’ ಅಂತ ಬರೆದಿದ್ದರೆ ಏನು ಜಾರಿದೆ ಅಂತ ಕೇಳಿ ತಿಳಿದುಕೊಳ್ಳಿ. ಗರ್ಭಚೀಲ ಜಾರಿದರೂ ಅದೇ ಶಬ್ದ, ಮೂತ್ರಚೀಲ ಜಾರಿದರೂ ಅದೇ, ಮೂತ್ರನಾಳದ ಒಳಪದರ ಜಾರಿದರೂ ಅದೇ.

ಈಗ ಕುಬಸದ ತೋಳಿಗೆ ಬರೋಣ. ಅಸ್ತರು ಒಂದು ಕಡೆ ಇಣುಕಿದರೆ ಕ್ಯಾರಂಕಲ್. ತೋಳಿನ ಸುತ್ತಲೂ ಹೊಲಿಗೆ ಬಿಟ್ಟು, ಅಸ್ತರು ಪೂರ್ತಿ ಉಂಗುರದಂತೆ ಹೊರಗೆ ಮಗುಚಿಕೊಂಡರೆ ಅದು ಮೂತ್ರನಾಳದ ಪ್ರೊಲ್ಯಾಪ್ಸ್. ಮೂತ್ರನಾಳದ ಒಳಪದರದ ಹಿಂದೆ ಸ್ನಾಯುವಿನ ಎರಡು ಸುತ್ತು ಇರುತ್ತವೆ. ಅವುಗಳ ನಡುವಿನ ಹಿಡಿತ ಸಡಿಲಾದಾಗ, ಅದರ ಮೇಲೆ ಕೆಮ್ಮು ಅಥವಾ ಮಲಬದ್ಧತೆಯ ತಿಣುಕಾಟ ಬಿದ್ದಾಗ, ಪದರ ಸುತ್ತಲೂ ಜಾರಿ ಹೊರಬರುತ್ತದೆ.

ನೋಡುವಾಗ ನಾವು ಹುಡುಕುವುದು ಒಂದನ್ನೇ: ಮೂತ್ರ ಬರುವ ತೂತು ಎಲ್ಲಿದೆ? ಉಬ್ಬಿನ ನಟ್ಟನಡುವೆ, ಉದ್ದಿನವಡೆಯ ತೂತಿನಂತೆ ಇದ್ದರೆ ಪ್ರೊಲ್ಯಾಪ್ಸ್. ಗುಳ್ಳೆ ಕೆಳಗೆ ಒಂದು ಕಡೆ ಇದ್ದು, ತೂತು ಅದರ ಮೇಲಂಚಿನಲ್ಲಿ ಇದ್ದರೆ ಕ್ಯಾರಂಕಲ್. ಬಾವು ಜಾಸ್ತಿ ಇದ್ದು ತೂತು ಕಾಣದಿದ್ದರೆ ಸಣ್ಣ ಕ್ಯಾಥೆಟರ್, ಅಂದರೆ ಮೂತ್ರ ತೆಗೆಯುವ ತೆಳು ನಳಿಕೆ, ಹಾಕಿ ನೋಡುತ್ತೇವೆ. ಅದು ಎಲ್ಲಿಂದ ಒಳಗೆ ಹೋಗುತ್ತದೆ ಅನ್ನುವುದೇ ಉತ್ತರ.

ದೊಡ್ಡ ಕ್ಯಾರಂಕಲ್ ಎರಡೂ ಪಕ್ಕಕ್ಕೆ ಹಬ್ಬಿ ಕುದುರೆ ಲಾಳದ ಆಕಾರಕ್ಕೆ ಬಂದಿರಬಹುದು. ಆಗ ಕಣ್ಣಿಗೆ ಮೋಸ ಆಗುತ್ತದೆ. ಮೇಲಿನ ತುಟಿ ಚಪ್ಪಟೆಯಾಗಿ, ಸರಿಯಾಗಿ ಉಳಿದಿದೆಯಾ ಅಂತ ನೋಡಬೇಕು. ಉಳಿದಿದ್ದರೆ ಅದು ಉಂಗುರ ಅಲ್ಲ.

ಮನೆಯಲ್ಲೇ ನೋಡಿಕೊಳ್ಳಬಹುದಾ?

ಕನ್ನಡಿ ಹಿಡಿದು ನೋಡಿಕೊಳ್ಳಬಹುದು, ತಪ್ಪೇನಿಲ್ಲ. ಆದರೆ ಅರವತ್ತರ ಕಣ್ಣಿಗೆ 6 ಮಿಲಿಮೀಟರ್‌ನ ಗುಳ್ಳೆ ಉಂಗುರವೋ ಅಲ್ಲವೋ ಹೇಳುವುದು ಕಷ್ಟ. ಬಣ್ಣ, ಗಾತ್ರ, ಬೆಳಿಗ್ಗೆ ಸಂಜೆಗೆ ವ್ಯತ್ಯಾಸ ಇದೆಯಾ, ಇಷ್ಟು ಗಮನಿಸಿ ಬಂದರೆ ಸಾಕು. ಚಿವುಟಿ, ಒಳಗೆ ನೂಕಿ ನೋಡಬೇಡಿ.

ಗುಳ್ಳೆ ಕಂಡಿದೆ ಅಂದರೆ ರಕ್ತ ಅದರಿಂದಲೇ ಬಂದದ್ದು ಅಲ್ವಾ?

ಹಾಗೆ ತೀರ್ಮಾನ ಮಾಡುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಡಾಕ್ಟರುಗಳೂ ಮಾಡುತ್ತಾರೆ. ಕಣ್ಣಿಗೆ ಕಾಣುವ ಕೆಂಪು ಗುಳ್ಳೆ ಸಿಕ್ಕಿತು ಅಂತ ಒಳಗೆ ನೋಡುವುದನ್ನೇ ಬಿಟ್ಟುಬಿಡುವುದು. ಮುಟ್ಟು ನಿಂತು ಒಂದು ವರ್ಷ ದಾಟಿದ ಮೇಲೆ ಒಂದು ಹನಿ ರಕ್ತ ಬಂದರೂ ಗರ್ಭಚೀಲದ ಒಳಪದರ ನೋಡಲೇಬೇಕು. ಗುಳ್ಳೆ ಇದ್ದರೂ ನೋಡಬೇಕು. ಎರಡೂ ಒಟ್ಟಿಗೇ ಇರಬಾರದು ಅಂತ ಏನಿಲ್ಲವಲ್ಲ.

ಅದಕ್ಕೆ ಒಳಗಿಂದ ಮಾಡುವ ಸ್ಕ್ಯಾನ್ ಇದೆ. ಗರ್ಭಚೀಲದ ಒಳಪದರ 4 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳ್ಳಗಿದ್ದರೆ ಸಾಮಾನ್ಯವಾಗಿ ನೆಮ್ಮದಿಯಿಂದ ಇರಬಹುದು. ಅದಕ್ಕಿಂತ ದಪ್ಪ ಇದ್ದರೆ, ಅಥವಾ ತೆಳ್ಳಗಿದ್ದರೂ ರಕ್ತ ಮತ್ತೆ ಮತ್ತೆ ಬಂದರೆ, ಚೂರು ತೆಗೆದು ಲ್ಯಾಬಿಗೆ ಕಳಿಸುತ್ತೇವೆ. ಗರ್ಭಚೀಲದ ಬಾಯನ್ನೂ ನೋಡಿ ಪ್ಯಾಪ್ ಪರೀಕ್ಷೆ ಮಾಡುತ್ತೇವೆ. ಅಜ್ಜಿಯ ಒಳಪದರ 3 ಮಿಲಿಮೀಟರ್ ಇತ್ತು. ಗರ್ಭಚೀಲದ ಬಾಯಿಯೂ ಸ್ವಚ್ಛವಾಗಿತ್ತು.

ಮನೆಯಲ್ಲಿ ಒಂದು ಸುಳಿವು ಸಿಗುತ್ತದೆ. ಮೂತ್ರ ಹೋದ ಮೇಲೆ ಬಿಳಿ ಹತ್ತಿ ಬಟ್ಟೆಯಿಂದ ಮುಂದೆ ಮಾತ್ರ ಮೆಲ್ಲಗೆ ಒತ್ತಿ ನೋಡಿ. ಅಲ್ಲೇ ಚುಕ್ಕೆಯಾಗಿ ಕೆಂಪು ಹತ್ತಿದರೆ ಗುಳ್ಳೆಯ ಕಡೆ ಸಂಶಯ ಜಾಸ್ತಿ. ಮೂತ್ರವೇ ಪೂರ್ತಿ ಕೆಂಪಾಗಿ, ಚಹಾದ ಬಣ್ಣಕ್ಕೆ ಬಂದರೆ ಅದು ಒಳಗಿನ ರಕ್ತ. ಆಗ ಮೂತ್ರಚೀಲ, ಕಿಡ್ನಿ ನೋಡಬೇಕು. ಇದು ಸುಳಿವು ಮಾತ್ರ, ಸ್ಕ್ಯಾನ್ ಬದಲಿಗೆ ಅಲ್ಲ.

ಉರಿಮೂತ್ರಕ್ಕೆ ಎರಡು ಸಲ ಮಾತ್ರೆ ತಗೊಂಡೆ, ಹೋಗಲಿಲ್ಲ. ಯಾಕೆ?

ಅಜ್ಜಿಗೂ ಹೀಗೇ ಆಗಿತ್ತು. ಊರಲ್ಲಿ ಒಂದು ಸಲ ಐದು ದಿನ, ಇನ್ನೊಂದು ಸಲ ಏಳು ದಿನ ಆ್ಯಂಟಿಬಯೋಟಿಕ್ ಕೊಟ್ಟಿದ್ದರು. ಪರೀಕ್ಷೆ ಚೀಟಿಯಲ್ಲಿ ಕೆಂಪು ರಕ್ತಕಣ 15–20, ಕೀವುಕಣ 2–4 ಅಂತ ಇತ್ತು. ಕೀವುಕಣ ಇಷ್ಟು ಕಡಿಮೆ ಇದ್ದು ರಕ್ತಕಣ ಮಾತ್ರ ಜಾಸ್ತಿ ಇದೆ ಅಂದರೆ ಸೋಂಕು ಅನ್ನುವುದು ಅನುಮಾನವೇ. ಮೂತ್ರ ಗುಳ್ಳೆಯನ್ನು ಸವರಿಕೊಂಡೇ ಬಾಟಲಿಗೆ ಬೀಳುತ್ತದೆ, ರಕ್ತ ಅಲ್ಲೇ ಸೇರಿರಬಹುದು.

ಇದನ್ನು ಬಿಡಿಸಲು ಕ್ಯಾಥೆಟರ್ ಹಾಕಿ ಒಳಗಿಂದಲೇ ಮೂತ್ರ ತೆಗೆದು ಮತ್ತೆ ಪರೀಕ್ಷೆ ಮಾಡಿಸಿದೆ. ರಕ್ತಕಣ ಇರಲಿಲ್ಲ. ರೋಗಾಣು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲೂ ಏನೂ ಬೆಳೆಯಲಿಲ್ಲ. ಅಲ್ಲಿಗೆ ಆ್ಯಂಟಿಬಯೋಟಿಕ್ ಕತೆ ಮುಗಿಯಿತು. ಉರಿ ಬರುತ್ತಿದ್ದದ್ದು ಗುಳ್ಳೆಯಿಂದ, ಒಣಗಿದ ಚರ್ಮದಿಂದ. ಕ್ಯಾಥೆಟರ್ ಮೂತ್ರದಲ್ಲೂ ರಕ್ತ ಇದ್ದಿದ್ದರೆ ಗುಳ್ಳೆಯ ಮೇಲೆ ತಪ್ಪು ಹೊರಿಸುವ ಹಾಗಿರಲಿಲ್ಲ. ಮೂತ್ರಚೀಲಕ್ಕೆ ಕ್ಯಾಮೆರಾ ಹಾಕಿ ನೋಡಬೇಕಾಗುತ್ತಿತ್ತು.

ಇದು ಕ್ಯಾನ್ಸರ್ ಆಗುತ್ತಾ?

ಕ್ಯಾರಂಕಲ್ ಕ್ಯಾನ್ಸರ್ ಅಲ್ಲ. ಆದರೆ ಮೂತ್ರನಾಳದ ಕ್ಯಾನ್ಸರ್ ಅಪರೂಪಕ್ಕೆ ಕ್ಯಾರಂಕಲ್‌ನಂತೆಯೇ ಕಾಣಬಹುದು. ಹಾಗಾಗಿ ಬೆರಳಿಗೆ ಹೇಗೆ ತಾಗುತ್ತದೆ ಅನ್ನುವುದು ಮುಖ್ಯ. ಮೆತ್ತಗಿದ್ದು ಅಂಚು ನುಣುಪಾಗಿದ್ದರೆ ಕ್ರೀಮ್ ಕೊಟ್ಟು ಕಾಯುತ್ತೇವೆ. ಗಟ್ಟಿ ಇದ್ದರೆ, ಹುಣ್ಣಾಗಿ ಒಡೆದಿದ್ದರೆ, ಅಂಚು ಹರಿದಂತಿದ್ದರೆ, ವಾರ ವಾರಕ್ಕೆ ಬೆಳೆಯುತ್ತಿದ್ದರೆ, ತೊಡೆಯ ಸಂದಿಯಲ್ಲಿ ಗಂಟು ಸಿಕ್ಕರೆ ಕಾಯುವುದಿಲ್ಲ, ಬಯಾಪ್ಸಿ ಮಾಡುತ್ತೇವೆ. ಕ್ರೀಮ್ ಹಚ್ಚಿ ಮೂರು ತಿಂಗಳಾದರೂ ಒಂದಿಷ್ಟೂ ಕುಗ್ಗದಿದ್ದರೂ ಅಷ್ಟೇ.

ಕೆಲವು ಸಲ ಕ್ಯಾರಂಕಲ್ ಒಳಗೆ ರಕ್ತ ಹೆಪ್ಪುಗಟ್ಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ, ನೋವೂ ಇರುತ್ತದೆ. ಅದನ್ನು ನೋಡಿದವರು ಕ್ಯಾನ್ಸರೇ ಅಂತ ಹೆದರುತ್ತಾರೆ. ಅದೂ ಹೆಚ್ಚಾಗಿ ಕ್ಯಾನ್ಸರ್ ಅಲ್ಲ, ಆದರೆ ಬೇಗ ತೋರಿಸಬೇಕು.

ಕ್ರೀಮ್ ಯಾವುದು, ಹೇಗೆ ಹಚ್ಚಬೇಕು?

ಗುಳ್ಳೆ ಇದೆ, ತೊಂದರೆ ಇಲ್ಲ ಅಂದರೆ ಏನೂ ಹಚ್ಚಬೇಕಿಲ್ಲ. ತೊಂದರೆ ಇದ್ದರೆ ಮೊದಲ ಮದ್ದು ಈಸ್ಟ್ರೋಜೆನ್ ಕ್ರೀಮ್. ನಾನು ಹೆಚ್ಚಾಗಿ ಬರೆಯುವುದು ಎಸ್ಟ್ರಿಯಾಲ್, 1 ಗ್ರಾಂ ಕ್ರೀಮ್‌ನಲ್ಲಿ 1 ಮಿಲಿಗ್ರಾಂ ಇರುವುದು. ಸಾಮಾನ್ಯವಾಗಿ ಅರ್ಧ ಗ್ರಾಂ, ರಾತ್ರಿ ಮಲಗುವ ಮುಂಚೆ, ಎರಡು ಮೂರು ವಾರ ದಿನಾಲೂ. ಆಮೇಲೆ ವಾರಕ್ಕೆ ಎರಡೇ ಸಲ. ಡಾಕ್ಟರ್ ನೋಡಿ ಬರೆದ ಮೇಲೆ ಮಾತ್ರ ಶುರು ಮಾಡಬೇಕು, ಯಾಕೆ ಅಂತ ಮುಂದಿನ ಪ್ರಶ್ನೆಯಲ್ಲಿದೆ.

ಟ್ಯೂಬ್ ಜೊತೆ ಪಿಚಕಾರಿಯಂಥ ಪ್ಲಾಸ್ಟಿಕ್ ನಳಿಕೆ ಬರುತ್ತದೆ. ಅದರಲ್ಲಿ ಪೂರ್ತಿ ಯೋನಿಯ ಒಳಗೆ ಹಾಕಿ ಮಲಗಿದರೆ ಗುಳ್ಳೆಗೆ ಮದ್ದು ತಲುಪುವುದೇ ಇಲ್ಲ. ನಾನು ಹೀಗೆ ಹೇಳಿಕೊಡುತ್ತೇನೆ: ಅಳತೆ ಮಾಡಿಕೊಂಡದ್ದರಲ್ಲಿ ಹೆಸರುಕಾಳಿನಷ್ಟು ಬೆರಳ ತುದಿಗೆ ತೆಗೆದುಕೊಂಡು ಗುಳ್ಳೆಯ ಮೇಲೆ, ಸುತ್ತಲೂ ಹಚ್ಚಿ. ಉಳಿದದ್ದನ್ನು ಯೋನಿಯ ಬಾಯಿಯ ಒಳಗೆ ಮುಂದಿನ ಗೋಡೆಗೆ ಸವರಿ. ಉಗುರು ಕತ್ತರಿಸಿರಲಿ. ಅಜ್ಜಿಯ ಬೆರಳು ರೊಟ್ಟಿ ಬಡಿದು ಬಡಿದು ಗಟ್ಟಿಯಾಗಿತ್ತು, ಅದು ತಾಗಿದರೇ ಗುಳ್ಳೆ ಉರಿಯುತ್ತಿತ್ತು. ಹಾಗಾಗಿ ಕೊಬ್ಬರಿ ಎಣ್ಣೆ ಹಚ್ಚಿ ಬೆರಳ ತುದಿ ಮೆತ್ತಗೆ ಮಾಡಿಕೊಂಡು, ತೊಳೆದು ಒರೆಸಿ, ಆಮೇಲೆ ಕ್ರೀಮ್ ತೆಗೆದುಕೊಳ್ಳಿ ಅಂದೆ.

ಒಂದು ವಾರಕ್ಕೆ ಗುಣ ಕಾಣುವುದಿಲ್ಲ. “ಒಂದ್ ಟ್ಯೂಬ್ ಮುಗೀತ್ರಿ, ಏನೂ ಆಗಲಿಲ್ಲ” ಅಂತ ಬಿಟ್ಟವರು ಬಹಳ. ಅಜ್ಜಿಗೆ ಆರನೇ ವಾರಕ್ಕೆ ಉರಿ ನಿಂತಿತು, ಕಲೆಯೂ ನಿಂತಿತು. ಹನ್ನೆರಡನೇ ವಾರಕ್ಕೆ ಗುಳ್ಳೆ 3 ಮಿಲಿಮೀಟರ್‌ಗೆ ಇಳಿದು, ಬಣ್ಣ ತಿಳಿಯಾಗಿತ್ತು. ಪೂರ್ತಿ ಮಾಯವಾಗಲಿಲ್ಲ. ತೊಂದರೆ ಕೊಡದೆ ಇದ್ದರೆ ಮಾಯವಾಗಬೇಕಾಗಿಯೂ ಇಲ್ಲ.

ಹಾರ್ಮೋನು ಅಂದರೆ ಭಯ. ತಗೊಳ್ಳಬಹುದಾ?

ಈ ಪ್ರಮಾಣದಲ್ಲಿ ಹಚ್ಚಿದ್ದು ರಕ್ತಕ್ಕೆ ಸೇರುವುದು ಬಹಳ ಕಡಿಮೆ. ನುಂಗುವ ಹಾರ್ಮೋನ್ ಮಾತ್ರೆಗೂ ಇದಕ್ಕೂ ಹೋಲಿಕೆ ಇಲ್ಲ. ಆದರೆ ಎರಡು ವಿಷಯ ಮುಚ್ಚಿಡಬೇಡಿ. ಸ್ತನದ ಕ್ಯಾನ್ಸರ್ ಆಗಿದ್ದರೆ, ಅಥವಾ ಕಾಲಿನಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಮೊದಲೇ ಹೇಳಿ. ಸ್ತನದ ಕ್ಯಾನ್ಸರ್ ಆದವರಿಗೆ ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಕೊಡುವುದಿಲ್ಲ. ಇನ್ನು, ರಕ್ತ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವ ಮುಂಚೆ ಯಾರಿಗೂ ಶುರು ಮಾಡುವುದಿಲ್ಲ.

ಮನೆಮದ್ದು ಏನಾದರೂ ಇದೆಯಾ?

ಇದೆ, ಬಿಸಿನೀರು. ಅಗಲವಾದ ಟಬ್ಬಿನಲ್ಲಿ ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರು ಹಾಕಿ, 10 ನಿಮಿಷ ಕೂರಿ. ದಿನಕ್ಕೆ ಎರಡು ಸಲ. ಸಕ್ಕರೆ ಕಾಯಿಲೆ ಇದ್ದವರಿಗೆ ಬಿಸಿ ಗೊತ್ತಾಗದೆ ಸುಡಬಹುದು, ಮನೆಯವರು ಕೈ ಹಾಕಿ ನೋಡಲಿ. ನೀರಿಗೆ ಏನೂ ಹಾಕಬೇಡಿ. ಡೆಟಾಲ್, ಅರಿಶಿನ, ಸೋಡಾ ಯಾವುದೂ ಬೇಡ. ಸುಣ್ಣ ಹಚ್ಚಿಕೊಂಡು ಬಂದವರನ್ನೂ ನೋಡಿದ್ದೇನೆ. ಗುಳ್ಳೆ ಹಾಗೇ ಇತ್ತು, ಸುತ್ತಲಿನ ಚರ್ಮ ಸುಟ್ಟಿತ್ತು. ಕೂದಲು ಕಟ್ಟಿ ಉದುರಿಸುವ ಪ್ರಯತ್ನವೂ ಬೇಡ, ಅದು ನರುಳ್ಳೆ ಅಲ್ಲ.

ಆಪರೇಷನ್ ಯಾವಾಗ?

ಕ್ರೀಮ್ ಕೇಳದಿದ್ದಾಗ, ದೊಡ್ಡದಿದ್ದು ಮೂತ್ರಕ್ಕೆ ಅಡ್ಡ ಬಂದಾಗ, ಅಥವಾ ಅನುಮಾನ ಬಂದಾಗ. ಸಣ್ಣ ಆಪರೇಷನ್. ಕ್ಯಾಥೆಟರ್ ಹಾಕಿ, ಗುಳ್ಳೆಯನ್ನು ಬುಡದಲ್ಲಿ ಕತ್ತರಿಸಿ, ಒಳಪದರದ ಅಂಚನ್ನು ಹೊರಗಿನ ಚರ್ಮಕ್ಕೆ ತಾನೇ ಕರಗುವ ದಾರದಿಂದ ಹೊಲಿಯುತ್ತೇವೆ. ತೆಗೆದ ತುಣುಕು ಲ್ಯಾಬಿಗೆ ಹೋಗಲೇಬೇಕು. “ಸುಮ್ನೆ ಗುಳ್ಳೆ” ಅಂತ ಎಸೆದರೆ ಒಪ್ಪಬೇಡಿ, ರಿಪೋರ್ಟ್ ಕೇಳಿ.

ಮೂತ್ರನಾಳ ಸುತ್ತಲೂ ಜಾರಿದ್ದರೆ ಕೆಲಸ ಸ್ವಲ್ಪ ನಾಜೂಕು. ಉಂಗುರವನ್ನು ಒಮ್ಮೆಗೇ ಕತ್ತರಿಸಿದರೆ ಒಳಪದರ ಸರ್ರನೆ ಒಳಗೆ ಜಾರಿಬಿಡುತ್ತದೆ, ಹೊಲಿಯಲು ಸಿಗುವುದಿಲ್ಲ. ಹಾಗಾಗಿ ಕಾಲು ಭಾಗ ಕತ್ತರಿಸು, ಹೊಲಿ, ಮುಂದಿನ ಕಾಲು ಭಾಗ ಕತ್ತರಿಸು, ಹೊಲಿ ಅಂತ ಸುತ್ತು ಬರಬೇಕು. ಎರಡರಲ್ಲೂ ಆಮೇಲೆ ಮೂತ್ರದ ಬಾಯಿ ಕಿರಿದಾಗುವ ಸಾಧ್ಯತೆ ಇದೆ. ಧಾರೆ ಸಣ್ಣದಾದರೆ, ಎರಡಾಗಿ ಒಡೆದರೆ ತೋರಿಸಿ.

ಗರ್ಭಚೀಲ ತೆಗೆಸಿದರೆ ಹೋಗುತ್ತದೆ ಅಂದರು. ನಿಜಾನಾ?

ಇಲ್ಲ. ಅಜ್ಜಿಗೂ ಒಂದು ಕಡೆ ಇದನ್ನೇ ಹೇಳಿ ತಾರೀಖು ಕೊಟ್ಟಿದ್ದರು. ಕ್ಯಾರಂಕಲ್ ಇರುವುದು ಮೂತ್ರದ ಬಾಯಲ್ಲಿ. ಗರ್ಭಚೀಲಕ್ಕೂ ಅದಕ್ಕೂ ಸಂಬಂಧವಿಲ್ಲ. ಗರ್ಭಚೀಲ ತೆಗೆಸಿಕೊಂಡ ಮೇಲೂ ಅದೇ ಗುಳ್ಳೆ, ಅದೇ ಕಲೆ ಇಟ್ಟುಕೊಂಡು ಬಂದವರಿದ್ದಾರೆ.

ಆರು ವರ್ಷದ ಮೊಮ್ಮಗಳ ಚಡ್ಡಿಯಲ್ಲಿ ರಕ್ತ. ಅವಳಿಗೂ ಇದೇನಾ?

ಸಣ್ಣ ಹುಡುಗಿಯರಲ್ಲಿ ಕ್ಯಾರಂಕಲ್ ತೀರಾ ಅಪರೂಪ. ಆದರೆ ಮೂತ್ರನಾಳದ ಪ್ರೊಲ್ಯಾಪ್ಸ್ ಬರಬಹುದು, ಯಾಕೆಂದರೆ ಅವರಲ್ಲೂ ಈಸ್ಟ್ರೋಜೆನ್ ಕಡಿಮೆ. ಕೆಂಪು ಉಂಗುರ, ನಡುವೆ ತೂತು. ನೋಡಿದವರು ಮುಟ್ಟು ಬಂತು ಅಂತಲೋ, ಯಾರೋ ಏನೋ ಮಾಡಿದ್ದಾರೆ ಅಂತಲೋ ಗಾಬರಿಯಾಗುತ್ತಾರೆ. ರಕ್ತಕ್ಕೆ ಬೇರೆ ಕಾರಣಗಳೂ ಇರುವುದರಿಂದ ಮಗುವನ್ನು ಡಾಕ್ಟರ್ ನೋಡಲೇಬೇಕು. ಮನೆಯಲ್ಲಿ ಮಗುವನ್ನು ವಿಚಾರಣೆ ಮಾಡಬೇಡಿ.

ಯಾವಾಗ ಅದೇ ದಿನ ಆಸ್ಪತ್ರೆಗೆ ಹೋಗಬೇಕು?

ಮೂತ್ರ ಕಟ್ಟಿದರೆ. ಉಬ್ಬು ಕಪ್ಪಗಾಗಿ, ಬಾತು, ಮುಟ್ಟಲಾಗದಷ್ಟು ನೋವಾದರೆ. ಜಾರಿದ ಉಂಗುರಕ್ಕೆ ರಕ್ತದ ಓಡಾಟ ನಿಂತರೆ ಹೀಗಾಗುತ್ತದೆ. ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ. ರಕ್ತ ತೆಳ್ಳಗೆ ಮಾಡುವ ಮಾತ್ರೆ ನುಂಗುವವರು ಇದನ್ನು ಬೇಗ ಗಮನಿಸಬೇಕು. ಉಳಿದದ್ದಕ್ಕೆಲ್ಲ ಆ ವಾರದೊಳಗೆ ತಾಲ್ಲೂಕು ಆಸ್ಪತ್ರೆಯ ಹೆರಿಗೆ ಡಾಕ್ಟರಿಗೆ ತೋರಿಸಿದರೆ ಸಾಕು. ಆಪರೇಷನ್ ಬೇಕಾದರೆ ಅವರೇ ಬಾಗಲಕೋಟೆ, ವಿಜಯಪುರ ಅಥವಾ ಬೆಳಗಾವಿಯ ಮೂತ್ರರೋಗದ ಡಾಕ್ಟರ್ ಹತ್ತಿರ ಕಳಿಸುತ್ತಾರೆ.

ಗುಣವಾದ ಮೇಲೆ ಮತ್ತೆ ಬರುತ್ತಾ?

ಬರಬಹುದು. ಕ್ರೀಮ್ ಬಿಟ್ಟರೆ ಚರ್ಮ ಮತ್ತೆ ಒಣಗುತ್ತದೆ. ವಾರಕ್ಕೆ ಎರಡು ಸಲದ್ದನ್ನು ಮುಂದುವರಿಸಬೇಕಾ ಅನ್ನುವುದನ್ನು ವರ್ಷಕ್ಕೊಮ್ಮೆಯಾದರೂ ತೋರಿಸಿ ತೀರ್ಮಾನಿಸಬೇಕು. ಮಲಬದ್ಧತೆ, ಹಳೆ ಕೆಮ್ಮು ಇದ್ದರೆ ಅದಕ್ಕೂ ಮದ್ದು ಮಾಡಿಸಬೇಕು. ಪ್ರೊಲ್ಯಾಪ್ಸ್ ಇದ್ದವರಿಗಂತೂ ಇದು ಕ್ರೀಮಿನಷ್ಟೇ ಮುಖ್ಯ.

ಜಮಖಂಡಿಯ ಅಜ್ಜಿ ಬನಶಂಕರಿ ಜಾತ್ರೆಗೆ ಹೋದವರು ಟ್ಯೂಬನ್ನು ಮನೆಯಲ್ಲೇ ಮರೆತರು. ಬಂದ ಮೇಲೂ ಹಚ್ಚಲಿಲ್ಲ. ಎರಡು ತಿಂಗಳಿಗೆ ಮತ್ತೆ ಪರಕಾರದಲ್ಲಿ ಸಣ್ಣ ಕಲೆ. ರಕ್ತ ಮತ್ತೆ ಬಂದಿದ್ದರಿಂದ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿದೆ, ಒಳಪದರ ಆಗಲೂ 3 ಮಿಲಿಮೀಟರೇ. ಗುಳ್ಳೆ 4 ಮಿಲಿಮೀಟರ್ ಆಗಿತ್ತು. ಎರಡು ವಾರ ದಿನಾಲೂ, ಆಮೇಲೆ ಸೋಮವಾರ ಮತ್ತು ಶುಕ್ರವಾರ ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಸೋಮವಾರ ಉಪವಾಸ, ಶುಕ್ರವಾರ ದೇವಿಯ ವಾರ, ಆ ಎರಡು ದಿನ ಅವರು ಮರೆಯುವುದಿಲ್ಲ.